ಪ್ರಗತಿಯಲ್ಲಿದೆ ಅಂದ್ರೆ ಎಲ್ಲಿದೆ?

ಮೊನ್ನೆ ಬೆಳಗ್ಗೆ ದಾಸವಾಳದ ಗಿಡಕ್ಕೆ ನೀರು ಹಾಕ್ತಾ ಇದ್ದೆ. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆ ಹುಡುಗಿ ಕರೆದಳು. ಹುಡುಗಿ ಅಂತ ಬಾಯಿಗೆ ಬರುತ್ತೆ ಅಷ್ಟೆ, ಇಬ್ಬರು ಮಕ್ಕಳ ತಾಯಿ, ಬ್ಯಾಂಕಿನಲ್ಲಿ ಕೆಲಸ. ಈ ಸಲದ ವಾರ್ಷಿಕ ಸಭೆಯಲ್ಲಿ ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಕ್ಕೆ ಅವಳನ್ನೇ ಕಾರ್ಯದರ್ಶಿ ಮಾಡಿದ್ದಾರೆ. ಹಳೇ ನಡಾವಳಿ ಪುಸ್ತಕಗಳನ್ನೆಲ್ಲ ಗೋಡೆ ಮೇಲೆ ಹರಡಿಕೊಂಡು ನಿಂತಿದ್ದಳು.

"ಆಂಟಿ, ಇದೇನು 'ಪ್ರಗತಿಯಲ್ಲಿದೆ, ಪ್ರಗತಿಯಲ್ಲಿದೆ' ಅಂತ ತಿಂಗಳು ತಿಂಗಳೂ ಬರೆದಿದ್ದಾರೆ? ಪ್ರಗತಿಯಲ್ಲಿದೆ ಅಂದ್ರೆ ಎಲ್ಲಿದೆ?"

ಎಂಥ ಒಳ್ಳೇ ಪ್ರಶ್ನೆ, ಅಲ್ವಾ? ಪೈಪನ್ನು ಗಿಡದ ಬುಡಕ್ಕೆ ಬಿಟ್ಟು ನಾನೂ ಗೋಡೆಗೆ ಒರಗಿಕೊಂಡೆ. ಆ ಪುಟ 2023ನೇ ಇಸವಿಯದು. ಟ್ಯಾಂಕ್ ಸೋರಿದ ವರ್ಷ.

ಸಭೆ ಅಂದಮೇಲೆ ಅದರ ಕ್ರಮ ನಿಮಗೂ ಗೊತ್ತಿರೋದೇ. ಸ್ವಾಗತ ಆಗುತ್ತೆ, ಆಮೇಲೆ ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸೋದು, ಅದರ ಬೆನ್ನಿಗೇ ಹಿಂದಿನ ತೀರ್ಮಾನಗಳ ಅನುಪಾಲನಾ ವರದಿ. ಗ್ರಾಮ ಪಂಚಾಯ್ತಿಯಿಂದ ಕೆಡಿಪಿ ಸಭೆವರೆಗೆ ಎಲ್ಲ ಕಡೆ ಇದೇ ಸಾಲು. ನಡಾವಳಿ ದೃಢೀಕರಿಸುವಾಗ ಕೇಳಬೇಕಾದ್ದು ಒಂದೇ ಮಾತು, ಹೋದ ಸಲ ನಾವು ಹೇಳಿದ್ದನ್ನು ಸರಿಯಾಗಿ ಬರೆದಿದ್ದಾರಾ ಅಂತ. ಅನುಪಾಲನೆಯಲ್ಲಿ ಕೇಳಬೇಕಾದ್ದು ಬೇರೆ. ಹೇಳಿದ್ದು ಆಯ್ತಾ ಅಂತ. ಇವೆರಡನ್ನೂ ಕಲಸಿಬಿಟ್ಟರೆ ಅರ್ಧ ಗಂಟೆ ಹಾಳು. 'ನಾನು ಹಾಗೆ ಹೇಳಲೇ ಇಲ್ಲ' ಅಂತ ಒಬ್ಬರು, 'ಹೇಳಿದ್ದೂ ಆಗಿಲ್ಲ' ಅಂತ ಇನ್ನೊಬ್ಬರು. ಅಷ್ಟರಲ್ಲಿ ಕಾಫಿ ಬರುತ್ತೆ, ಅನುಪಾಲನೆ ಮುಂದಿನ ತಿಂಗಳಿಗೆ ಹೋಗುತ್ತೆ.

ಈಗ ಟ್ಯಾಂಕಿನ ಕಥೆಗೆ ಬರ್ತೀನಿ. ನಮ್ಮ ಬಡಾವಣೆ ಇನ್ನೂ ಪಾಲಿಕೆಗೆ ಹಸ್ತಾಂತರ ಆಗಿಲ್ಲ. ಬೋರ್‌ವೆಲ್ಲು, ಮೋಟಾರು, ಪಾರ್ಕಿನ ಮೂಲೆಯ ಐವತ್ತು ಸಾವಿರ ಲೀಟರಿನ ಓವರ್‌ಹೆಡ್ ಟ್ಯಾಂಕು, ಎಲ್ಲ ಸಂಘದ ಜವಾಬ್ದಾರಿ. ಆ ಟ್ಯಾಂಕಿನ ಕೆಳ ಅಂಚಿನಲ್ಲಿ ಒಂದು ಬಿರುಕು ಬಿಟ್ಟಿತ್ತು. ಬಿರುಕಿನಲ್ಲಿ ಒಂದು ಅರಳಿ ಸಸಿ. ಕಾಗೆ ಗುಬ್ಬಿ ತಂದು ಹಾಕಿದ ಬೀಜ ಇರಬೇಕು. ಜೂನ್ ತಿಂಗಳಲ್ಲಿ ನಾನು ನೋಡಿದಾಗ ಎರಡೇ ಎಲೆ, ತಾಮ್ರದ ಬಣ್ಣ, ಇನ್ನೂ ಮಗುವಿನ ಕಿವಿ ಹಾಗೆ ಮೃದು.

ಜೂನ್ 4ರ ಭಾನುವಾರ ಸಭೆ. ವಿಷಯ ಐದು. ತೀರ್ಮಾನ ಹೀಗಿದೆ, ಪುಸ್ತಕದಲ್ಲಿ ಈಗಲೂ ಓದಬಹುದು: 'ಟ್ಯಾಂಕಿನ ಸೋರಿಕೆಯನ್ನು ಶೀಘ್ರವಾಗಿ ದುರಸ್ತಿ ಮಾಡಿಸಲು ತೀರ್ಮಾನಿಸಲಾಯಿತು.' ಯಾರು ಮಾಡಿಸಬೇಕು? ಬರೆದಿಲ್ಲ. ಯಾವತ್ತಿನೊಳಗೆ? 'ಶೀಘ್ರವಾಗಿ.' ಈ ಶೀಘ್ರ ಅನ್ನೋ ಪದಕ್ಕೆ ಪಂಚಾಂಗದಲ್ಲಿ ಎಲ್ಲಿದೆ ಜಾಗ, ಹೇಳಿ? ಬಾಯಿಮಾತಿನಲ್ಲಿ ಒಬ್ಬ ಸದಸ್ಯರು 'ನಾನು ನೋಡ್ಕೋತೀನಿ' ಅಂದರು. ಒಳ್ಳೇ ಮನುಷ್ಯರು, ಮಾತಿಗೆ ತಪ್ಪೋರಲ್ಲ.

ಜುಲೈ 2ರ ಸಭೆಯಲ್ಲಿ ಅನುಪಾಲನೆ: 'ಪ್ರಗತಿಯಲ್ಲಿದೆ.' ಆಗಸ್ಟ್ 6: 'ಪ್ರಗತಿಯಲ್ಲಿದೆ.' ಸೆಪ್ಟೆಂಬರ್ 3: 'ಪ್ರಗತಿಯಲ್ಲಿದೆ.' ಇದೇ ಪುಟವನ್ನೇ ಹುಡುಗಿ ಬೆರಳಿಟ್ಟು ತೋರಿಸಿದ್ದು.

ಅಕ್ಟೋಬರ್ ಸಭೆಗೆ ಮೊದಲು ಕಾರ್ಯದರ್ಶಿಗಳು ಊರಲ್ಲಿರಲಿಲ್ಲ, ವರದಿ ಬರೆಯೋ ಕೆಲಸ ನನ್ನ ಪಾಲಿಗೆ ಬಂತು. ಕಚೇರಿಯಲ್ಲಿ ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ ಕೈ. ಸಭೆಯ ದಿನ ಎಲ್ಲರ ಮುಂದೆ 'ಏನಾಯ್ತು' ಅಂತ ಕೇಳಿದರೆ ಯಾರಾದರೂ 'ನಡೀತಾ ಇದೆ' ಅಂತಾನೇ ಹೇಳ್ತಾರೆ. ಅದು ಸುಳ್ಳಲ್ಲ, ಸಂಕೋಚ. ಹತ್ತು ಜನರ ಮುಂದೆ ಇನ್ನೇನು ಹೇಳೋಕಾಗುತ್ತೆ? ಅದಕ್ಕೇ ನಾಲ್ಕು ದಿನ ಮೊದಲೇ ಒಬ್ಬೊಬ್ಬರಿಗೂ ಫೋನ್ ಮಾಡಿ ವಿಚಾರಿಸಬೇಕು. ಕೇಳೋದು ಮೂರೇ ಪ್ರಶ್ನೆ. ಕೊನೇದಾಗಿ ಏನಾಯ್ತು, ಯಾವ ತಾರೀಕು? ಈಗ ಅದು ಯಾರ ಕೈಯಲ್ಲಿದೆ? ಮುಂದಿನ ಹೆಜ್ಜೆ ಏನು, ಯಾವಾಗ? ನಾನು ಹಾಗೇ ಫೋನ್ ಮಾಡಿದೆ. ಟ್ಯಾಂಕಿನ ನಿಜವಾದ ಕಥೆ ಹೊರಬಿತ್ತು.

ನಮ್ಮ ಸಂಘದ ಬೈಲಾ ಪ್ರಕಾರ ಇಪ್ಪತ್ತು ಸಾವಿರ ರೂಪಾಯಿ ಮೀರಿದ ಕೆಲಸಕ್ಕೆ ಮೂರು ಕೊಟೇಶನ್ ಬೇಕು. ಜೂನ್ 18ಕ್ಕೆ ಮೊದಲನೆಯದು ಬಂತು, 46,500 ರೂಪಾಯಿ. ಜುಲೈ 9ಕ್ಕೆ ಎರಡನೆಯದು, 38,000. ಮೂರನೆಯ ಮೇಸ್ತ್ರಿ ಆಗಸ್ಟ್ 12ಕ್ಕೆ ಬಂದು, ಏಣಿ ಹತ್ತಿ, ಮುಚ್ಚಳ ತೆಗೆದು ನೋಡಿ, 'ನೀರು ತುಂಬಿರೋ ಟ್ಯಾಂಕಿಗೆ ರೇಟ್ ಹೇಳೋನಲ್ಲ ನಾನು. ಒಳಗಿನ ಬಿರುಕು ಎಷ್ಟುದ್ದ ಅಂತ ಕಣ್ಣಲ್ಲಿ ನೋಡಬೇಕು. ಖಾಲಿ ಮಾಡಿಸಿ, ಬರ್ತೀನಿ' ಅಂದು ಹೋದರು. ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಖಾಲಿ ಮಾಡಬೇಕು ಅಂದರೆ ಎಲ್ಲ ಮನೆಗಳಿಗೂ ನೀರು ನಿಲ್ಲಿಸಬೇಕು. ನಿಲ್ಲಿಸೋ ದಿನ ಯಾವುದು ಅಂತ ಒಬ್ಬ ಸದಸ್ಯರು ತಾವೇ ತೀರ್ಮಾನ ಮಾಡೋಕಾಗುತ್ತಾ? ಅಧ್ಯಕ್ಷರನ್ನು ರಸ್ತೇಲಿ ಕೇಳಿದರಂತೆ. 'ಸಭೆಗೆ ತನ್ನಿ' ಅಂದರಂತೆ. ಸಭೆ ಹೊತ್ತಿಗೆ ಇವರ ಮಗಳ ಬಾಣಂತನ, ಓಡಾಟ. ವರದಿ ಓದುವಾಗ 'ಪ್ರಗತಿಯಲ್ಲಿದೆ' ಅಂತ ಬಾಯಿಗೆ ಬಂದದ್ದು ಅಂದುಬಿಟ್ಟರು, ಮುಂದಿನ ವಿಷಯಕ್ಕೆ ಹೋದರು.

ಈಗ ಸ್ವಲ್ಪ ನಿಧಾನವಾಗಿ ನೋಡಿ. ಜುಲೈಯಲ್ಲಿ ಬರೆದ 'ಪ್ರಗತಿಯಲ್ಲಿದೆ' ನಿಜ. ಒಂದು ಕೊಟೇಶನ್ ಕೈಯಲ್ಲಿತ್ತು. ಆಗಸ್ಟಿನದೂ ನಿಜ. ಎರಡು ಬಂದಿದ್ದವು. ಸೆಪ್ಟೆಂಬರಿನ 'ಪ್ರಗತಿಯಲ್ಲಿದೆ' ಮಾತ್ರ ಬರೀ ಮಾತು. ಆಗಸ್ಟ್ 12ರ ಮೇಲೆ ಒಂದು ಹುಲ್ಲುಕಡ್ಡಿಯೂ ಅಲ್ಲಾಡಿರಲಿಲ್ಲ. ಆದರೆ ಪುಸ್ತಕದಲ್ಲಿ ಮೂರೂ ಒಂದೇ ಪದ, ಒಂದೇ ಅಕ್ಷರ. ನಡೆಯುತ್ತಿರೋದಕ್ಕೂ ನಿಂತಿರೋದಕ್ಕೂ ಓದೋರಿಗೆ ವ್ಯತ್ಯಾಸವೇ ಕಾಣೋದಿಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದು. ಕೆಲಸ ನಿಂತಿದ್ದು ಮೇಸ್ತ್ರಿಯಿಂದಲ್ಲ, ಆ ಸದಸ್ಯರಿಂದಲೂ ಅಲ್ಲ. ಸಭೆಯೇ ಒಂದು ದಿನ ಗೊತ್ತು ಮಾಡಬೇಕಿತ್ತು, ಮಾಡಿರಲಿಲ್ಲ. ತಡ ಸಭೆಯ ಮೇಜಿನ ಮೇಲೇ ಕೂತಿತ್ತು. 'ಪ್ರಗತಿಯಲ್ಲಿದೆ' ಅನ್ನೋ ಒಂದು ಪದ ಅದರ ಮೇಲೆ ಟವೆಲ್ ಹೊದಿಸಿತ್ತು, ಅಷ್ಟೆ.

ಮೂರು ತಿಂಗಳಲ್ಲಿ ಒಬ್ಬರೂ ವರದಿ ನೋಡಿ ಇದನ್ನು ಹಿಡಿಯಲಿಲ್ಲ. ಆದರೆ ಅರಳಿ ಸಸಿ ಹಿಡಿದಿತ್ತು ನೋಡಿ! ಸೆಪ್ಟೆಂಬರ್ ಕೊನೆಗೆ ನಾನು ಹೋಗಿ ನಿಂತು ಎಣಿಸಿದೆ. ಹನ್ನೊಂದು ಎಲೆ. ಒಂದು ಮೊಳ ಎತ್ತರ. ಕಾಂಡ ಪೆನ್ಸಿಲ್ ದಪ್ಪ ಆಗಿತ್ತು. ಆ ವರ್ಷ ಮಳೆ ಕೈಕೊಟ್ಟಿತ್ತು, ನಮ್ಮ ಮನೆಯ ಮಲ್ಲಿಗೆ ಬಳ್ಳಿ ಒಣಗಿ ಕೂತಿತ್ತು. ಅದು ಮಾತ್ರ ಸಂಘದ ನೀರು ಕುಡಿದು ನಳನಳಿಸುತ್ತಿತ್ತು.

ಬಾಕಿಯ ಲೆಕ್ಕ ಇಡೋದು ಅಂದಾಗ ನಮ್ಮ ಅಜ್ಜಿ ನೆನಪಾಗ್ತಾರೆ. ಊರಲ್ಲಿ ಮದುವೆ, ನಾಮಕರಣ, ತಿಥಿ ಏನೇ ಆಗಲಿ, ದೊಡ್ಡ ಪಾತ್ರೆಗಳು ನಮ್ಮ ಮನೆಯಿಂದಲೇ ಹೋಗಬೇಕು. ಕೊಳದಪ್ಪಲೆ, ಹಿತ್ತಾಳೆ ಬಕೀಟು, ಉದ್ದ ಹಿಡಿಯ ಸೌಟು, ಜಮಖಾನ. ಅಜ್ಜಿಗೆ ಓದು ಬರಹ ಇಲ್ಲ. ಅಡುಗೆಮನೆ ಹಿಂದಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಎಳೀತಿದ್ದರು. ಒಂದು ಪಾತ್ರೆಗೆ ಒಂದು ಗೀಟು. ಮದುವೆಗೆ ಹೋದದ್ದಾದರೆ ಗೀಟಿನ ತಲೆ ಮೇಲೆ ಕುಂಕುಮದ ಒಂದು ಬೊಟ್ಟು. ತಿಥಿಗೆ ಹೋದದ್ದಾದರೆ ಬೊಟ್ಟಿಲ್ಲ, ಪಕ್ಕದಲ್ಲಿ ಒಂದು ಸಣ್ಣ ಅಡ್ಡಗೆರೆ. ಪಾತ್ರೆ ವಾಪಸ್ ಬಂದು, ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ತಳ ನೋಡಿ, ಕಿವಿ ಅಲ್ಲಾಡಿಸಿ ನೋಡಿ, ಆಮೇಲೆ ಗೀಟಿನ ಮೇಲೆ ಒಂದು ಅಡ್ಡ ಹೊಡೀತಿದ್ದರು. 'ತಂದುಕೊಟ್ಟೆವಮ್ಮಾ' ಅನ್ನೋ ಮಾತಿಗೆ ಅಡ್ಡ ಹೊಡೀತಿರಲಿಲ್ಲ, ಪಾತ್ರೆ ಮುಟ್ಟಿ ನೋಡಿ ಹೊಡೀತಿದ್ದರು. ಒಂದು ಸೌಟಿನ ಗೀಟು ಬಹಳ ಕಾಲ ಹಾಗೇ ಇತ್ತು. ಯುಗಾದಿಗೆ ಗೋಡೆಗೆ ಸುಣ್ಣ ಬಳಿದರು. ಸುಣ್ಣ ಒಣಗಿದ ಕೂಡಲೇ ಅಜ್ಜಿ ಮಾಡಿದ ಮೊದಲನೇ ಕೆಲಸ ಏನು ಗೊತ್ತಾ? ಆ ಸೌಟಿನ ಗೀಟನ್ನು ಅದೇ ಜಾಗದಲ್ಲಿ, ಅದೇ ಕುಂಕುಮದ ಬೊಟ್ಟಿನ ಜೊತೆ ಮತ್ತೆ ಎಳೆದದ್ದು. ಗೋಡೆ ಹೊಸದಾದರೂ ಬಾಕಿ ಹಳೇದೇ ಅಲ್ವಾ?

ಅನುಪಾಲನಾ ವರದಿ ಬರೆಯೋ ವಿದ್ಯೆಯೆಲ್ಲ ಆ ಗೋಡೆಯಲ್ಲಿದೆ ಅಂತ ನನ್ನ ನಂಬಿಕೆ. ಹುಡುಗಿಗೂ ಅದನ್ನೇ ಹೇಳಿದೆ. ಯಾವ ಸಭೆಯ ಯಾವ ತೀರ್ಮಾನ ಅನ್ನೋ ಗುರುತು ಅಳಿಸಬಾರದು. ಮೊದಲು ಕೊಟ್ಟ ತಾರೀಕಂತೂ ಅಳಿಸಲೇಬಾರದು. ನಮ್ಮಲ್ಲಿ ಸಾಮಾನ್ಯವಾಗಿ ಏನು ಮಾಡ್ತೀವಿ? ಈ ತಿಂಗಳು ಆಗಲಿಲ್ಲ ಅಂದರೆ ಕಂಪ್ಯೂಟರಿನಲ್ಲಿ ಹೋದ ತಿಂಗಳ ಪಟ್ಟಿ ತೆಗೆದು, ಗಡುವಿನ ಜಾಗದಲ್ಲಿ ಹಳೇ ತಾರೀಕು ಅಳಿಸಿ ಹೊಸ ತಾರೀಕು ಹಾಕ್ತೀವಿ. ಪಟ್ಟಿ ನೋಡಿದರೆ ಎಲ್ಲವೂ ಸಮಯಕ್ಕೆ ಸರಿಯಾಗಿ ನಡೀತಿರೋ ಹಾಗೆ ಕಾಣುತ್ತೆ. ಆರು ತಿಂಗಳು ತಡವಾದ ಕೆಲಸಕ್ಕೂ ಗಡುವು ಯಾವಾಗಲೂ ಮುಂದಿನ ತಿಂಗಳೇ! ಹಳೇದನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಹೊಸದು ಬರೀರಿ. ಜೂನ್ 30, ಆಮೇಲೆ ಜುಲೈ 31, ಆಮೇಲೆ ಸೆಪ್ಟೆಂಬರ್ 15 ಅಂತ ಮೂರು ತಾರೀಕು ಸಾಲಾಗಿ ನಿಂತರೆ ಯಾರೂ ಯಾರನ್ನೂ ಬೈಯೋದೇ ಬೇಡ, ಆ ಸಾಲೇ ಎಲ್ಲ ಹೇಳುತ್ತೆ.

ಅಕ್ಟೋಬರ್ 1ರ ಸಭೆಗೆ ನಾನು ಬರೆದದ್ದು ಅದೇ ಪುಸ್ತಕದಲ್ಲಿದೆ. ಹುಡುಗಿಗೆ ಪುಟ ತಿರುವಿ ತೋರಿಸಿದೆ:

'04.06.2023ರ ಸಭೆ, ವಿಷಯ 5. ತೀರ್ಮಾನ: ಟ್ಯಾಂಕಿನ ಸೋರಿಕೆ ದುರಸ್ತಿ. ಮೂಲ ಗಡುವು: ನಮೂದಿಸಿಲ್ಲ.

ಆಗಿರುವುದು: ಮೂರರಲ್ಲಿ ಎರಡು ಕೊಟೇಶನ್ ಬಂದಿವೆ (18.06 ಮತ್ತು 09.07). ಮೂರನೆಯವರು 12.08ರಂದು ಸ್ಥಳ ನೋಡಿದ್ದಾರೆ, ಟ್ಯಾಂಕ್ ಖಾಲಿ ಮಾಡದೆ ದರ ಕೊಡುವುದಿಲ್ಲ ಎಂದಿದ್ದಾರೆ.

ಸ್ಥಿತಿ: ತಡವಾಗಿದೆ. 12.08ರಿಂದ ಮುಂದುವರಿದಿಲ್ಲ.

ಕಾರಣ: ನೀರು ನಿಲ್ಲಿಸುವ ದಿನ ನಿಗದಿಯಾಗಿಲ್ಲ.

ಸಭೆಯಿಂದ ಬೇಕಾದದ್ದು: ಸತತ ನಾಲ್ಕು ದಿನ ನೀರು ನಿಲ್ಲಿಸಲು ಒಪ್ಪಿಗೆ ಮತ್ತು ತಾರೀಕು.'

ಇಷ್ಟೇ. ಇದರಲ್ಲಿ ಯಾರ ಹೆಸರನ್ನೂ ಹಿಡಿದು 'ನಿರ್ಲಕ್ಷ್ಯ' ಅಂತ ಬರೆದಿಲ್ಲ ನೋಡಿ. ಅದು ಮುಖ್ಯ. ಸಂಘದ ಕೆಲಸ ಅಂದರೆ ಮನೆಮಠ ಬಿಟ್ಟು ಬಿಟ್ಟಿ ದುಡಿಯೋದು. ಕಾರಣ ಬರೆಯುವಾಗ ಏನು ಆಗಿಲ್ಲ ಅಂತ ಬರೀಬೇಕು, ಯಾರು ಸೋಮಾರಿ ಅಂತಲ್ಲ. ಹಾಗೆ ಬರೆದರೆ ಮುಂದಿನ ಸಲ ಅವರು ನಿಜ ಹೇಳೋದನ್ನೇ ಬಿಡ್ತಾರೆ. ಮತ್ತೆ 'ಪ್ರಗತಿಯಲ್ಲಿದೆ' ಶುರು.

ಸೋರಿಕೆ ಎಷ್ಟು ಅಂತಲೂ ಒಂದು ಸಾಲು ಸೇರಿಸಿದ್ದೆ. ವಾಟರ್‌ಮ್ಯಾನ್ ಹತ್ತಿರ ಹೇಳಿ ಒಂದು ರಾತ್ರಿ ಎಂಟು ಗಂಟೆ ಹೊತ್ತು ವಾಲ್ವ್ ಮುಚ್ಚಿಸಿ, ಒಳಗೋಡೆಗೆ ಗುರುತು ಹಾಕಿಸಿದ್ದೆ. ಬೆಳಗ್ಗೆ ಎರಡು ಸೆಂಟಿಮೀಟರ್ ಇಳಿದಿತ್ತು. ನಮ್ಮ ಟ್ಯಾಂಕಿನ ಅಗಲಕ್ಕೆ ಅದು ಮುನ್ನೂರು ಲೀಟರಿಗೆ ಮೇಲಾಗುತ್ತೆ. ದಿನಕ್ಕೆ ಒಂಬೈನೂರು ಲೀಟರ್. ಜೂನ್‌ನಿಂದ ಅಲ್ಲಿಯವರೆಗೆ ಎರಡು ಟ್ಯಾಂಕ್ ತುಂಬ ನೀರು ಮಣ್ಣುಪಾಲು. ಅದೂ ಬರಗಾಲದ ವರ್ಷ. ತಡ ಅನ್ನೋದನ್ನು ದಿನದ ಲೆಕ್ಕದಲ್ಲಿ ಹೇಳಿದರೆ ಕಿವಿಗೆ ಬೀಳೋದಿಲ್ಲ, ಹೀಗೆ ಹೇಳಿದರೆ ಬೀಳುತ್ತೆ.

ಈ ಕಾಗದವನ್ನು ಸಭೆಗೆ ಮೂರು ದಿನ ಮೊದಲೇ ಎಲ್ಲರ ವಾಟ್ಸಾಪಿಗೆ ಹಾಕಿದೆ. ಸಭೆಯಲ್ಲಿ ಏಳೇ ನಿಮಿಷ ಹಿಡೀತು. ನಾಲ್ಕು ತಿಂಗಳು ಕೂತಿದ್ದ ಕೆಲಸಕ್ಕೆ ಏಳು ನಿಮಿಷ! ಅದರಲ್ಲೂ ಐದು ನಿಮಿಷ ತಾರೀಕಿನ ಚರ್ಚೆ. ಅಕ್ಟೋಬರ್ 15ಕ್ಕೆ ದಸರಾ ಶುರು, ಮೈಸೂರಿನಲ್ಲಿ ಯಾರ ಮನೆಯಲ್ಲಿ ನೆಂಟರಿರಲ್ಲ ಹೇಳಿ? ಜಂಬೂಸವಾರಿ ಮುಗಿಯೋವರೆಗೂ ನೀರು ನಿಲ್ಲಿಸೋ ಮಾತೇ ಇಲ್ಲ. ಅದಕ್ಕೂ ಮೊದಲು ಅಂದರೆ ಪಕ್ಷಮಾಸ, ಒಬ್ಬರ ಮನೆಯಲ್ಲಿ 6ಕ್ಕೆ ತಿಥಿ, ಇನ್ನೊಬ್ಬರಲ್ಲಿ 8ಕ್ಕೆ. ಕೊನೆಗೆ 9ರಿಂದ 12, ಸೋಮವಾರದಿಂದ ಗುರುವಾರ ಅಂತ ಆಯ್ತು. ದಿನಕ್ಕೆ ಎರಡು ಟ್ಯಾಂಕರ್ ತರಿಸೋದು. 9ರ ಬೆಳಗ್ಗೆ ಮೂರನೆಯ ಮೇಸ್ತ್ರಿ ಒಳಗಿಳಿದು ನೋಡಿ ಅಲ್ಲೇ ದರ ಹೇಳಬೇಕು, ಯಾರದು ಕಡಿಮೆಯೋ ಅವರಿಗೆ ಮಧ್ಯಾಹ್ನದೊಳಗೆ ಕೆಲಸ ಒಪ್ಪಿಸೋ ಅಧಿಕಾರ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಮೂವರಿಗೆ. ಹೊಣೆ ಯಾರದು, ಗಡುವು ಯಾವತ್ತು, ಎರಡನ್ನೂ ಅಲ್ಲೇ ಬರೆದದ್ದಾಯ್ತು.

ಇಲ್ಲಿ ಒಂದು ಎಚ್ಚರಿಕೆ ಹೇಳಿಬಿಡ್ತೀನಿ. ಅನುಪಾಲನೆಯ ಹೊತ್ತಿನಲ್ಲಿ ಹಳೇ ಚರ್ಚೆಯನ್ನು ಮತ್ತೆ ಶುರು ಮಾಡೋಕೆ ಬಿಡಬಾರದು. ಅವತ್ತೂ ಒಬ್ಬರು 'ಟ್ಯಾಂಕ್ ರಿಪೇರಿ ಯಾಕೆ, ಸಿಂಟೆಕ್ಸ್ ಇಡೋಣ' ಅಂತ ಎದ್ದರು. ಒಳ್ಳೇ ಸಲಹೆಯೇ ಇರಬಹುದು. ಆದರೆ ರಿಪೇರಿ ಅಂತ ಜೂನ್‌ನಲ್ಲೇ ತೀರ್ಮಾನ ಆಗಿದೆ. ಅದನ್ನು ಬದಲಾಯಿಸಬೇಕಾದರೆ ಬೇರೆ ವಿಷಯ ಅಂತ ಮುಂದಿನ ಕಾರ್ಯಸೂಚಿಗೆ ತರಬೇಕು. ಇಲ್ಲದಿದ್ದರೆ ಒಂದು ತೀರ್ಮಾನವನ್ನು ಪ್ರತಿ ತಿಂಗಳೂ ಹೊಸದಾಗಿ ಮಾಡ್ತಾ ಕೂರಬೇಕಾಗುತ್ತೆ. ಹಾಗೇ, ಮೂರು ಸಭೆ ಕಳೆದರೂ ಮುಗಿಯದ್ದು ಏನಾದರೂ ಇದ್ದರೆ ಅದಕ್ಕೆ ಅನುಪಾಲನೆಯ ಒಂದು ಸಾಲು ಸಾಲದು. ಅದನ್ನು ಎತ್ತಿ ಪ್ರತ್ಯೇಕ ವಿಷಯ ಮಾಡಿ ಕೂತು ಮಾತಾಡಬೇಕು. ಮಾಡೋದೇ ಬೇಡ ಅನ್ನಿಸಿದರೆ 'ಕೈಬಿಡಲಾಗಿದೆ' ಅಂತ ತೀರ್ಮಾನ ಮಾಡಿ, ಕಾರಣ ಬರೆದು ಕೈಬಿಡಿ. ಸದ್ದಿಲ್ಲದೆ ಪಟ್ಟಿಯಿಂದ ಮಾಯ ಆಗಬಾರದು, ಅಷ್ಟೇ.

ಹುಡುಗಿ ಕೇಳಿದಳು, "ಆಂಟಿ, ಹೀಗೆ ಕೇಳೋದು ಸ್ವಲ್ಪ ಜೋರಾಯ್ತು ಅನ್ಸಲ್ವಾ? ನಮ್ಮದು ಸಣ್ಣ ಸಂಘ."

ಸಣ್ಣದು ದೊಡ್ಡದು ಅಂತೇನಿಲ್ಲಮ್ಮಾ ಅಂದೆ. ಲೋಕಸಭೆಯಲ್ಲಿ ಇದಕ್ಕೇ ಅಂತ ಒಂದು ಸಮಿತಿ ಇದೆ, ಸರ್ಕಾರಿ ಭರವಸೆಗಳ ಸಮಿತಿ, 1953ರಿಂದ. ನಮ್ಮ ವಿಧಾನಮಂಡಲದಲ್ಲೂ ಅಂಥದ್ದಿದೆ. ಸದನದಲ್ಲಿ ಮಂತ್ರಿಗಳು ಉತ್ತರ ಕೊಡುವಾಗ 'ವಿಷಯ ಪರಿಶೀಲನೆಯಲ್ಲಿದೆ' ಅಂತಾರಲ್ಲ, 'ವಿಚಾರಿಸಿ ಸದನಕ್ಕೆ ತಿಳಿಸುತ್ತೇನೆ' ಅಂತಾರಲ್ಲ, ಅಂಥ ಮಾತುಗಳದ್ದೇ ಒಂದು ಪಟ್ಟಿ ಆ ಸಮಿತಿಯ ಹತ್ತಿರ ಇದೆ. ಅಂಥ ಮಾತು ಬಾಯಿಂದ ಬಂದರೆ ಅದು ಭರವಸೆ ಅಂತ ಲೆಕ್ಕ. ಮೂರು ತಿಂಗಳಲ್ಲಿ ಅದನ್ನು ಈಡೇರಿಸಬೇಕು. ಆಗದಿದ್ದರೆ ಕಾರಣ ಕೊಟ್ಟು ಹೆಚ್ಚಿನ ಸಮಯ ಕೇಳಬೇಕು. ಕೇಳಬೇಕು ಅನ್ನೋದನ್ನು ಗಮನಿಸಿ. ತಾವೇ ತಾರೀಕು ಮುಂದಕ್ಕೆ ಹಾಕಿಕೊಳ್ಳೋ ಹಾಗಿಲ್ಲ. ಈ ಒಂದು ಪದ್ಧತಿ ನನಗೆ ಬಹಳ ಇಷ್ಟ. ಸಂಘದಲ್ಲೂ ಹೀಗೇ ಇರಬೇಕು ಅಲ್ವಾ? 'ಇನ್ನು ಇಪ್ಪತ್ತು ದಿನ ಬೇಕು, ಯಾಕೆಂದರೆ ಹೀಗೆ' ಅಂತ ಕೇಳಿ, ಸಭೆ ಒಪ್ಪಿದರೆ ಹೊಸ ತಾರೀಕು. ಆಗ ತಡ ಆದರೂ ಅದು ಎಲ್ಲರಿಗೂ ಗೊತ್ತಿರೋ ತಡ.

ಹುಡುಗಿ ಇನ್ನೊಂದು ಪುಟ ತೆಗೆದಳು. ಪಾರ್ಕ್ ಗೇಟಿನ ಹತ್ತಿರದ ಬೀದಿದೀಪ. 'ಬೀದಿದೀಪಕ್ಕೆ ಅರ್ಜಿ ಸಲ್ಲಿಸಲು ತೀರ್ಮಾನಿಸಲಾಯಿತು.' ಮುಂದಿನ ಸಭೆಯಲ್ಲಿ: 'ಅರ್ಜಿ ಸಲ್ಲಿಸಲಾಗಿದೆ. ಮುಗಿದಿದೆ.' ಅಲ್ಲಿಗೆ ಪಟ್ಟಿಯಿಂದ ಹೋಯ್ತು. ದೀಪ ಮಾತ್ರ ಹತ್ತಲೇ ಇಲ್ಲ. ವರದಿ ಸರಿಯಾಗೇ ಇದೆ, ತೀರ್ಮಾನವೇ ಕುಂಟು. ನಮಗೆ ಬೇಕಾದದ್ದು ಬೆಳಕು, ನಾವು ತೀರ್ಮಾನ ಮಾಡಿದ್ದು ಕಾಗದ. 'ಗೇಟಿನ ಹತ್ತಿರ ದೀಪ ಹಾಕಿಸುವುದು' ಅಂತ ಬರೆದಿದ್ದರೆ ಅರ್ಜಿ ಕೊಟ್ಟದ್ದು ಮೊದಲ ಹೆಜ್ಜೆ ಆಗ್ತಿತ್ತು. ಸ್ಥಿತಿಯ ಜಾಗದಲ್ಲಿ 'ನಮ್ಮಿಂದ ಆಗಬೇಕಾದ್ದು ಆಗಿದೆ, ಕಚೇರಿಯ ಉತ್ತರಕ್ಕೆ ಕಾಯ್ತಾ ಇದ್ದೇವೆ, ಮುಂದಿನ ವಿಚಾರಣೆ ಇಂಥ ತಾರೀಕು' ಅಂತ ಬರ್ತಿತ್ತು. ನಮ್ಮ ತಡ ಬೇರೆ, ಇನ್ನೊಬ್ಬರ ಹತ್ತಿರ ಕಾಯೋದು ಬೇರೆ. ಎರಡನ್ನೂ ಬೇರೆ ಬೇರೆ ಹೇಳಿದರೆ ಯಾರ ಬಾಗಿಲು ತಟ್ಟಬೇಕು ಅಂತ ಗೊತ್ತಾಗುತ್ತೆ. ಅರ್ಜಿ ಕೊಟ್ಟು ಬಂದ ನಕಲಿನ ಮೇಲೆ ಸ್ವೀಕೃತಿ ಮುದ್ರೆ ಇದ್ದರೆ ಅದರ ಸಂಖ್ಯೆ, ತಾರೀಕು ಕೂಡ ಅಲ್ಲೇ ಬರೆದಿಡಬೇಕು. ಕಾರ್ಯದರ್ಶಿ ಬದಲಾದಾಗ ಅದೊಂದೇ ದಾರಿ ತೋರೋದು.

ಹಾಗಾದರೆ 'ಮುಗಿದಿದೆ' ಅಂತ ಯಾವಾಗ ಬರೀಬೇಕು? ಟ್ಯಾಂಕಿಗೇ ಬನ್ನಿ. ಮೂರನೆಯ ಮೇಸ್ತ್ರಿಯೇ 36,000ಕ್ಕೆ ಒಪ್ಪಿಕೊಂಡರು. ಮೊದಲು ಪಾಚಿ ಉಜ್ಜಿ ತೊಳೆದರು. ಅರಳಿ ಸಸಿಯನ್ನು ಸುಮ್ಮನೆ ಎಳೆದು ಕೀಳಲಿಲ್ಲ. ಮೇಲೆ ಕಿತ್ತರೆ ಬೇರು ಒಳಗೇ ಉಳಿದು ಮತ್ತೆ ಚಿಗುರುತ್ತೆ ಅಂತ ಬಿರುಕನ್ನು ಉಳಿಯಲ್ಲಿ ಅಗಲಿಸಿ ಬೇರನ್ನು ಪೂರ್ತಿ ಬಿಡಿಸಿದರು. ಮೇಲೆ ಒಂದು ಮೊಳ ಇದ್ದ ಸಸಿಯ ಬೇರು ಒಳಗೆ ಎರಡು ಮೊಳ! ಕೂದಲಿನ ಹಾಗೆ ಚಪ್ಪಟೆಯಾಗಿ ಬಿರುಕಿನ ಉದ್ದಕ್ಕೂ ಹರಡಿತ್ತು. ಆಮೇಲೆ ಗಾರೆ ತುಂಬಿ, ಮೇಲೆ ಎರಡು ಕೋಟ್ ಬಳಿದು ಒಣಗಲು ಬಿಟ್ಟರು. 12ಕ್ಕೆ ಮೇಸ್ತ್ರಿ ಸಾಮಾನು ಕಟ್ಟಿಕೊಂಡು ಹೊರಟರು. ಅಧ್ಯಕ್ಷರು 'ಮುಗಿದಿದೆ ಅಂತ ಗ್ರೂಪಿಗೆ ಹಾಕಿಬಿಡಿ' ಅಂದರು. ನಾನು 'ಎರಡು ದಿನ ತಾಳಿ ಸಾರ್' ಅಂದೆ. 13ಕ್ಕೆ ನೀರು ತುಂಬಿಸಿದೆವು. ರಾತ್ರಿ ವಾಲ್ವ್ ಮುಚ್ಚಿ, ಮೊದಲಿನ ಹಾಗೇ ಗುರುತು ಹಾಕಿ, ಬೆಳಗ್ಗೆ ನೋಡಿದೆವು. ಮಾರನೇ ರಾತ್ರಿಯೂ ಹಾಗೇ. ನೀರು ಗುರುತು ಬಿಟ್ಟು ಇಳಿದಿರಲಿಲ್ಲ. ಕೆಳಗಿನ ಕಂಬದ ತೇವ ಒಣಗಿ ಬೆಳ್ಳಗಾಗಿತ್ತು. ಅಜ್ಜಿ ಪಾತ್ರೆ ತಳ ನೋಡಿ ಅಡ್ಡ ಹೊಡೆದ ಹಾಗೆ, ಆಮೇಲೇ 'ಮುಗಿದಿದೆ' ಅಂತ ಬರೆದದ್ದು. ನವೆಂಬರ್ 5ರ ಸಭೆಯಲ್ಲಿ ಅದನ್ನು ಓದಿ, ಒಂದು ಸಲ ಎಲ್ಲರ ಕಣ್ಣಿಗೆ ಬಿದ್ದ ಮೇಲೆ ಪಟ್ಟಿಯಿಂದ ತೆಗೆದೆವು.

ಇಷ್ಟು ಹೇಳುವಷ್ಟರಲ್ಲಿ ದಾಸವಾಳದ ಬುಡ ಕೆರೆ ಆಗಿತ್ತು. ನಲ್ಲಿ ನಿಲ್ಲಿಸಿ ಬಂದೆ. ಹುಡುಗಿ ಅಷ್ಟರಲ್ಲಿ ಪುಸ್ತಕದ ಹಿಂದಿನ ಪುಟದಲ್ಲಿ ಪೆನ್ಸಿಲಿನಲ್ಲಿ ಗೀಟು ಎಳೆದುಕೊಂಡು, ಬಾಕಿ ಇರೋ ಹಳೇ ತೀರ್ಮಾನಗಳನ್ನು ಒಂದೊಂದಾಗಿ ಇಳಿಸ್ತಾ ಇದ್ದಳು. ಮೊದಲನೇ ಸಾಲು ಬೀದಿದೀಪ. ಪಕ್ಕದಲ್ಲಿ ಮೊದಲ ತೀರ್ಮಾನದ ತಾರೀಕನ್ನು ಮರೆಯದೆ ಹಾಕಿದ್ದಾಳೆ.

ನಿಮ್ಮ ಸಂಘದಲ್ಲೋ, ಶಾಲೆಯ ಎಸ್‌ಡಿಎಂಸಿಯಲ್ಲೋ, ಹಾಲಿನ ಡೇರಿಯಲ್ಲೋ ಮುಂದಿನ ಸಭೆಗೆ ಹೋದಾಗ ಅನುಪಾಲನಾ ವರದಿಯನ್ನು ಕೈಗೆ ತಗೊಂಡು ಓದಿ. ಎಲ್ಲಾದರೂ 'ಪ್ರಗತಿಯಲ್ಲಿದೆ' ಅಂತ ಕಂಡರೆ ಎರಡೇ ಮಾತು ಕೇಳಿ: ಕೊನೇ ಸಲ ಏನಾಯ್ತು, ಯಾವ ತಾರೀಕು? ಉತ್ತರ ಬಂದರೆ ಅದನ್ನು ಅಲ್ಲೇ ಬರೆಸಿ. ಬರದಿದ್ದರೆ ಆ ಪದವನ್ನು ಹೊಡೆದುಹಾಕಿಸಿ 'ನಿಂತಿದೆ' ಅಂತ ಬರೆಸಿ.